ಮಗಳನ್ನು ಕಳಿಸುವ ಹಾಡು: ಮೂರು ಸಾಲಿನಲ್ಲಿ ಅಳು ಹೇಗೆ ಕೂರುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮದುವೆ ವಿಡಿಯೋಗಳಲ್ಲಿ ನೀವು ನೋಡಿರ್ತೀರಿ. ಮದುಮಗಳು ಕಾರು ಹತ್ತೋ ಹೊತ್ತಿಗೆ ಹಿನ್ನೆಲೆಯಲ್ಲಿ ಒಂದು ಸಿನಿಮಾ ಹಾಡು ಬರುತ್ತೆ, ಎಲ್ಲರ ಕಣ್ಣು ಒದ್ದೆಯಾಗುತ್ತೆ. ಇದೇ ಗಳಿಗೆಗೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ತಮ್ಮದೇ ಹಾಡು ಕಟ್ಟಿಕೊಂಡಿದ್ರು. ಅದಕ್ಕೆ ‘ಹೆಣ್ಣು ಒಪ್ಪಿಸುವ ಹಾಡು’ ಅಂತಾರೆ. ಅದು ಹೇಗೆ ಕೆಲಸ ಮಾಡುತ್ತೆ, ಇವತ್ತು ನೀವೇ ಒಂದನ್ನ ಬರೆಯೋಕೆ ಕೂತರೆ ಎಲ್ಲಿ ಎಡವುತ್ತೀರಿ, ಅದನ್ನ ಈ ಸಂಚಿಕೆಯಲ್ಲಿ ನೋಡೋಣ.

ಯಾರು ಯಾರಿಗೆ ಹಾಡ್ತಾರೆ?

ಮೊದಲು ಸಂದರ್ಭ. ಮದುವೆಯ ಶಾಸ್ತ್ರಗಳೆಲ್ಲ ಮುಗಿದ ಮೇಲೆ ಹೆಣ್ಣಿನ ಕಡೆಯವರು ಮಗಳ ಕೈ ಹಿಡಿದು ಬೀಗರ ಕೈಗೆ ಒಪ್ಪಿಸ್ತಾರೆ. ಸುತ್ತ ನಿಂತ ಹೆಂಗಸರು ಹಾಡ್ತಾರೆ. ಅಂದ್ರೆ ಈ ಹಾಡನ್ನ ಮೂರು ಜನ ಒಟ್ಟಿಗೇ ಕೇಳಿಸಿಕೊಳ್ತಾರೆ: ಹೊರಟು ನಿಂತ ಮಗಳು, ಕಳಿಸ್ತಿರೋ ತಾಯಿ, ಕರಕೊಂಡು ಹೋಗ್ತಿರೋ ಅತ್ತೆ.

ಈ ಮೂರನೇ ಕಿವಿ ಬಹಳ ಮುಖ್ಯ. ಬೀಗರ ಮುಂದೆ ಹೆಣ್ಣು ಹೆತ್ತವರು ತಗ್ಗಿಬಗ್ಗಿ ನಡೀಬೇಕು ಅನ್ನೋ ಕಾಲ. ‘ನಮ್ಮ ಮಗಳಿಗೆ ಕಷ್ಟ ಕೊಡಬೇಡಿ’ ಅಂತ ತಾಯಿ ನೇರವಾಗಿ ಹೇಳಿದ್ರೆ ಮಾತಿಗೆ ಮಾತು ಬೆಳೆಯುತ್ತೆ. ಅದೇ ಮಾತನ್ನ ಹತ್ತು ಜನ ಹೆಂಗಸರು ರಾಗವಾಗಿ ಹೇಳಿದ್ರೆ ಯಾರೂ ಎದುರಾಡೋ ಹಾಗಿಲ್ಲ, ಯಾಕಂದ್ರೆ ಅದು ಶಾಸ್ತ್ರದ ಹಾಡು. ಇವಳು ಎಳೇ ಹುಡುಗಿ, ಕೆಲಸ ಗೊತ್ತಿಲ್ಲ, ತಪ್ಪಿದ್ರೆ ತಿದ್ದಿ, ಬಯ್ಯಬೇಡಿ. ಕೇಳೋಕೆ ಬೇಡಿಕೆ, ಒಳಗಡೆ ಎಚ್ಚರಿಕೆ. ಊರಿನ ಎದುರೇ ಹೇಳಿದ್ದರಿಂದ ಅದಕ್ಕೆ ಊರೇ ಸಾಕ್ಷಿ.

ಈ ಹಾಡುಗಳು ಪುಸ್ತಕಕ್ಕೆ ಬಂದದ್ದು ತಡವಾಗಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರ ಒಂದು ಗುಂಪಿತ್ತು. ಅವರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಅನ್ನೋ ಹೆಸರಲ್ಲಿ ಅಚ್ಚಾದವು. ತವರು, ತಾಯಿ, ಅಣ್ಣ ತಮ್ಮ ಇವರ ಮೇಲಿನ ಹಾಡುಗಳು ಅಲ್ಲಿ ತುಂಬಾ ಇವೆ.

ಮೂರು ಸಾಲಿನ ಅಳತೆ

ಉತ್ತರ ಕರ್ನಾಟಕದ ಇಂಥ ಬಹಳಷ್ಟು ಹಾಡುಗಳು ಇರೋದು ತ್ರಿಪದಿಯಲ್ಲಿ. ಬಾದಾಮಿಯಲ್ಲಿ ಸುಮಾರು 700ನೇ ಇಸವಿಯ ಕಪ್ಪೆ ಅರಭಟ್ಟನ ಶಾಸನ ಇದೆ. ಅದರಲ್ಲೂ ತ್ರಿಪದಿ ಸಿಗುತ್ತೆ, ಅಷ್ಟು ಹಳೇದು ಇದು.

ಲೆಕ್ಕ ಸುಲಭ. ತ್ರಿಪದಿಯನ್ನ ನಡಿಗೆ ಅಂದ್ಕೊಳ್ಳಿ. ಮೊದಲ ಸಾಲಲ್ಲಿ ನಾಲ್ಕು ಹೆಜ್ಜೆ, ಎರಡನೇದರಲ್ಲಿ ನಾಲ್ಕು, ಮೂರನೇದರಲ್ಲಿ ಮೂರು. ಒಟ್ಟು 11. ಇದರಲ್ಲಿ ಎರಡು ಹೆಜ್ಜೆ ಮಾತ್ರ ಗಿಡ್ಡ: ಎರಡನೇ ಸಾಲಿನ ಎರಡನೇ ಹೆಜ್ಜೆ, ಮೂರನೇ ಸಾಲಿನ ಎರಡನೇ ಹೆಜ್ಜೆ. ಛಂದಸ್ಸಿನ ಪುಸ್ತಕಗಳಲ್ಲಿ ಉದ್ದ ಹೆಜ್ಜೆಗೆ ವಿಷ್ಣುಗಣ, ಗಿಡ್ಡ ಹೆಜ್ಜೆಗೆ ಬ್ರಹ್ಮಗಣ ಅಂತ ಹೆಸರು. ಹೆಸರು ಮರೆತ್ರೂ ಪರವಾಗಿಲ್ಲ, ಕಿವಿಗೆ ಗೊತ್ತಾದ್ರೆ ಸಾಕು.

ಈ ಸಂಚಿಕೆಗೆ ಅಂತಲೇ ನಾವೊಂದು ಕಟ್ಟಿದ್ದೀವಿ. ಮಗಳು ಹೋದ ಮಾರನೇ ದಿನ ತಾಯಿ ಹೇಳೋ ಹಾಗಿದೆ:

ಅಂಗಳದ ರಂಗೋಲಿ ಹಿಂಗ್ಯಾಕ ಮಾಸೈತಿ
ತಂಗಾಳಿ ಸೈತ ಬೀಸಿಲ್ಲ | ನನ ಮಗಳ
ಬಂಗಾರ ಕೈಯ ನೆನೆದೈತಿ

ಈಗ ಬಿಡಿಸಿ ನೋಡೋಣ. ಮೊದಲ ಸಾಲು: ಅಂಗಳದ, ರಂಗೋಲಿ, ಹಿಂಗ್ಯಾಕ, ಮಾಸೈತಿ. ನಾಲ್ಕು ಹೆಜ್ಜೆ. ಎರಡನೇದು: ತಂಗಾಳಿ, ಸೈತ, ಬೀಸಿಲ್ಲ, ನನ ಮಗಳ. ಇಲ್ಲಿ ‘ಸೈತ’ ಗಿಡ್ಡ. ಮೂರನೇದು: ಬಂಗಾರ, ಕೈಯ, ನೆನೆದೈತಿ. ಇಲ್ಲಿ ‘ಕೈಯ’ ಗಿಡ್ಡ. ಇನ್ನೊಂದು ಗಮನಿಸಿ: ಅಂಗಳ, ರಂಗೋಲಿ, ಹಿಂಗ್ಯಾಕ, ತಂಗಾಳಿ, ಬಂಗಾರ, ಎಲ್ಲದರ ಎರಡನೇ ಅಕ್ಷರದಲ್ಲಿ ‘ಗ’ ಇದೆ. ಕನ್ನಡದ ಹಳೇ ಪ್ರಾಸ ಇರೋದು ಹೀಗೆ, ಪದದ ತಲೆ ಹತ್ತಿರ. ಓದು ಬರಹ ಬಾರದ ಹೆಂಗಸರಿಗೆ ನೂರಾರು ಹಾಡು ನೆನಪಿರೋಕೆ ಇದೂ ಒಂದು ಕಾರಣ. ಸಾಲಿನ ಮೊದಲ ಪದ ಸಿಕ್ಕರೆ ಮುಂದಿನ ಸಾಲಿನ ಬಾಗಿಲು ತಾನೇ ತೆರೆಯುತ್ತೆ.

ಹಾಡುವಾಗ ಇದು ಮೂರು ಸಾಲಾಗಿ ಉಳಿಯಲ್ಲ. ಎರಡನೇ ಸಾಲನ್ನ ಎರಡು ಸಲ ಹಾಡ್ತಾರೆ. ಮೊದಲ ಸಲ ‘ತಂಗಾಳಿ ಸೈತ ಬೀಸಿಲ್ಲ’ ಅಂತ ನಿಲ್ಲಿಸ್ತಾರೆ. ಎರಡನೇ ಸಲ ಅದನ್ನೇ ಎತ್ತಿಕೊಂಡು ‘ನನ ಮಗಳ’ ಅಂತ ಎಳೆದು ಕೊನೇ ಸಾಲಿಗೆ ದಾಟ್ತಾರೆ. ರಂಗೋಲಿ ಯಾಕೆ ಮಾಸಿದೆ ಅಂತ ಕೇಳಿಯಾಯ್ತು. ಗಾಳಿಗಲ್ಲ ಅಂತ ಎರಡು ಸಲ ಕೇಳಿಸ್ಕೊಂಡ್ವಿ. ಉತ್ತರ ತಡವಾಗುತ್ತೆ. ಆ ತಡದಲ್ಲೇ ಗಂಟಲು ಕಟ್ಟೋದು.

ಎಲ್ಲಿ ಕೆಡುತ್ತೆ?

ಮೊದಲನೇದು, ಅಳತೆ. ‘ಬಂಗಾರ ಕೈಗಳನು ನೆನೆದೈತಿ’ ಅಂತ ಬದಲಿಸಿ ಹಾಡಿ ನೋಡಿ. ಅರ್ಥ ಅದೇ, ಆದ್ರೆ ಗಿಡ್ಡ ಹೆಜ್ಜೆ ಉದ್ದವಾಗಿ ದನಿ ಅಲ್ಲಿ ಓಡಬೇಕಾಗುತ್ತೆ. ಉಸಿರು ಬಿಡೋ ಜಾಗದಲ್ಲಿ ಪದ ತುರುಕಿದ ಹಾಗೆ. ಪರೀಕ್ಷೆ ಮಾಡೋ ದಾರಿ ಒಂದೇ: ಕೈಯಲ್ಲಿ ತಾಳ ಹಾಕ್ತಾ ಜೋರಾಗಿ ಹೇಳಿ. ಎಲ್ಲಿ ನಾಲಿಗೆ ಅವಸರ ಮಾಡುತ್ತೋ ಅಲ್ಲೇ ತಪ್ಪಿದೆ.

ಎರಡನೇದು, ದುಃಖದ ಹೆಸರು ಹೇಳಿಬಿಡೋದು. ‘ನೀನಿಲ್ಲದೆ ನನ್ನ ಹೃದಯ ಬರಿದಾಗಿದೆ’ ಅಂತ ಬರೆದ್ರೆ ಅದು ಯಾವ ತಾಯಿಯ ಮಾತೂ ಆಗಬಹುದು, ಪ್ರೇಮಗೀತೆಯೂ ಆಗಬಹುದು. ಜನಪದ ಹಾಡಿನ ತಾಯಿ ‘ನಾನು ಅಳ್ತಿದ್ದೀನಿ’ ಅನ್ನೋದಕ್ಕಿಂತ ಮನೆಯ ಯಾವುದೋ ಒಂದು ವಸ್ತುವಿನ ಕಡೆ ಕೈ ತೋರಿಸ್ತಾಳೆ. ಮೇಲಿನ ಹಾಡಲ್ಲಿ ರಂಗೋಲಿ ಮಾಸಿರೋದು ಮಗಳನ್ನ ನೆನೆಸ್ಕೊಂಡು. ತಾಯಿಯ ಅಳು ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಬರೆಯೋ ಮುಂಚೆ ಕೇಳ್ಕೊಳ್ಳಿ: ಈ ಹುಡುಗಿ ಹೋದ ಮೇಲೆ ಈ ಮನೆಯಲ್ಲಿ ನಿಂತುಹೋಗೋ ಕೆಲಸ ಯಾವುದು? ಈಗಿನ ಮನೆಯಾದ್ರೆ ಅದು ರಂಗೋಲಿಯೇ ಆಗಬೇಕಿಲ್ಲ. ಅಪ್ಪನ ಫೋನ್ ರೀಚಾರ್ಜ್ ಮಾಡ್ತಿದ್ದವಳು ಅವಳೇ ಆಗಿರಬಹುದು.

ಮೂರನೇದು ಸ್ವಲ್ಪ ಸೂಕ್ಷ್ಮ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಅನ್ನೋ ಗಾದೆ ನಮ್ಮಲ್ಲಿದೆ. ಇವತ್ತು ಹೊಸದಾಗಿ ಬರೆಯೋರು ಇದನ್ನೇ ಹಾಡಾಗಿಸ್ತಾರೆ: ಇನ್ನು ನೀನು ನಮ್ಮವಳಲ್ಲ, ಅದೇ ನಿನ್ನ ಮನೆ, ಏನೇ ಬಂದ್ರೂ ಸಹಿಸು ಅಂತ. ಹಳೇ ಹಾಡುಗಳಲ್ಲೂ ತಗ್ಗಿ ನಡಿ ಅನ್ನೋ ಬುದ್ಧಿಮಾತು ಇದೆ, ಅದನ್ನ ಮುಚ್ಚಿಡೋ ಹಾಗಿಲ್ಲ. ಆದ್ರೆ ಅದರ ಜೊತೆಗೇ ತವರಿನ ಬಾಗಿಲು ತೆರೆದೇ ಇರುತ್ತೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನ ಅಣ್ಣ ತಮ್ಮಂದಿರು ಹೋಗಿ ಕರಕೊಂಡು ಬರ್ತಾರೆ, ಜೋಕಾಲಿ ಕಟ್ಟಿಕೊಡ್ತಾರೆ. ಪಂಚಮಿ ಹಾಡುಗಳ ತುಂಬ ಅಣ್ಣನ ದಾರಿ ಕಾಯೋ ತಂಗಿ ಇದ್ದಾಳೆ. ಗಾದೆ ‘ಹೊರಗೆ’ ಅನ್ನುತ್ತೆ, ಹಾಡು ‘ಪಂಚಮಿಗೆ ಕಳಿಸಿಕೊಡಿ’ ಅನ್ನುತ್ತೆ.

ಹಾಗಾಗಿ ನಿಮ್ಮ ಅಕ್ಕನ ಮದುವೆಗೋ ಗೆಳತಿಯ ಮದುವೆಗೋ ಒಂದು ತ್ರಿಪದಿ ಕಟ್ಟೋದಾದ್ರೆ, ಮೊದಲು ಅವಳದ್ದೇ ಆದ ಒಂದು ವಸ್ತು ಹುಡುಕಿ. ಆಮೇಲೆ 11 ಹೆಜ್ಜೆ ಎಣಿಸಿ. ಕೊನೆಗೆ, ಬೀಗರು ಕೇಳಿಸ್ಕೊಳ್ಳೋ ಹಾಗೆ, ಅವಳು ವಾಪಸ್ ಬರೋ ದಾರಿ ಹಾಡಿನಲ್ಲಿ ಇದೆಯಾ ಅಂತ ನೋಡ್ಕೊಳ್ಳಿ.