ಹಸಿರು ಅಂಕಿ ತೋರಿಸದ ಬಡ್ಡಿ

ಬ್ರೋಕರ್ ಆ್ಯಪ್‌ನಲ್ಲಿ ಹಸಿರು ಬಣ್ಣದಲ್ಲಿ ಮಿನುಗುವ ಲಾಭದ ಅಂಕಿ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕೊಂಡ ಬೆಲೆ, ಈಗಿನ ಬೆಲೆ, ಇವೆರಡರ ನಡುವಿನ ವ್ಯತ್ಯಾಸ ಇಷ್ಟನ್ನೇ ಅದು ಹೇಳುತ್ತದೆ. ಷೇರನ್ನು ಸ್ವಂತ ದುಡ್ಡಿನಲ್ಲಿ ಕೊಂಡಿದ್ದರೆ ಈ ಅಂಕಿ ಅಷ್ಟಾಗಿ ದಾರಿ ತಪ್ಪಿಸುವುದಿಲ್ಲ. ಬ್ರೋಕರ್‌ನಿಂದ ಸಾಲ ತೆಗೆದು ಕೊಂಡಿದ್ದರೆ ಮಾತ್ರ ಬಡ್ಡಿಯ ಮೀಟರು ಬೇರೆ ಕಡೆ ಓಡುತ್ತಿರುತ್ತದೆ. ಆ ಬಡ್ಡಿ ಸಾಮಾನ್ಯವಾಗಿ ಕಾಂಟ್ರಾಕ್ಟ್ ನೋಟ್‌ನಲ್ಲೂ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಲೆಡ್ಜರ್ ತೆರೆಯಬೇಕು. ಹೆಚ್ಚಿನವರು ಲೆಡ್ಜರ್ ತೆರೆಯುವುದು ಖಾತೆಯಲ್ಲಿ ಏನೋ ಕಡಿಮೆಯಾಗಿದೆ ಅನಿಸಿದಾಗಲೇ.

ಈ ಸಾಲಕ್ಕೆ ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ ಎಂದು ಹೆಸರು. ಎಲ್ಲರ ಬಾಯಲ್ಲಿ ಅದು ಎಂಟಿಎಫ್. ಈಗ ಜಾರಿಯಲ್ಲಿರುವ ಚೌಕಟ್ಟನ್ನು ಸೆಬಿ 2017ರ ಜೂನ್‌ನಲ್ಲಿ ಹೊರಡಿಸಿತು. ಷೇರಿನ ಬೆಲೆಯ ಒಂದು ಪಾಲನ್ನು ಹೂಡಿಕೆದಾರ ಹಾಕಬೇಕು, ಉಳಿದದ್ದನ್ನು ಬ್ರೋಕರ್ ಹಾಕುತ್ತಾರೆ. ಕೊಂಡ ಷೇರು ಹೂಡಿಕೆದಾರನ ಡಿಮ್ಯಾಟ್‌ಗೇ ಬರುತ್ತದಾದರೂ ಬ್ರೋಕರ್ ಹೆಸರಿಗೆ ಒತ್ತೆಯಾಗಿರುತ್ತದೆ. ನಮ್ಮ ಪಾಲು ಎಷ್ಟಿರಬೇಕು ಎನ್ನುವುದು ಆಯಾ ಷೇರಿನ ಏರಿಳಿತದ ಮೇಲೆ ನಿಂತಿದೆ. ಹೆಚ್ಚು ಕುಣಿಯುವ ಷೇರಿಗೆ ಹೆಚ್ಚು ಮಾರ್ಜಿನ್ ಬೇಕು.

ಲೆಕ್ಕಕ್ಕೆಂದು ತುಮಕೂರಿನ ಒಬ್ಬ ಔಷಧಿ ಅಂಗಡಿಯವರನ್ನು ಕಲ್ಪಿಸಿಕೊಳ್ಳೋಣ. ಅವರ ಕೈಯಲ್ಲಿ 60,000 ರೂಪಾಯಿ ಇದೆ. 500 ರೂಪಾಯಿಯ ಒಂದು ಷೇರು ಎರಡು ವಾರದಲ್ಲಿ 512ಕ್ಕೆ ಹೋಗುತ್ತದೆ ಎಂದು ಅವರ ಅಂದಾಜು. ಅಂದಾಜು ತಪ್ಪಿದರೆ 490ಕ್ಕೆ ಮಾರಿ ಹೊರಬರುವುದು ಎಂದೂ ಮೊದಲೇ ತೀರ್ಮಾನಿಸಿದ್ದಾರೆ. ಆ ಷೇರಿಗೆ ಬ್ರೋಕರ್ ಕೇಳುವ ಮಾರ್ಜಿನ್ ಶೇಕಡ 30. ಹೀಗಾಗಿ 60,000 ತಮ್ಮದು, 1,40,000 ಬ್ರೋಕರ್‌ನದು ಸೇರಿಸಿ 2 ಲಕ್ಷಕ್ಕೆ 400 ಷೇರು ಕೊಳ್ಳುತ್ತಾರೆ. ಬಡ್ಡಿ ದಿನಕ್ಕೆ ಶೇಕಡ 0.04, ಅಂದರೆ ವರ್ಷಕ್ಕೆ 14.6. 512 ಮುಟ್ಟಿದರೆ ಆ್ಯಪ್ ತೋರಿಸುವ ಲಾಭ 4,800 ರೂಪಾಯಿ.

ಮೊದಲು ಎಷ್ಟು ದಿನ ಇಟ್ಟುಕೊಂಡರೂ ಬದಲಾಗದ ಖರ್ಚನ್ನು ನೋಡೋಣ. ಡೆಲಿವರಿ ವ್ಯವಹಾರದಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇಕಡ 0.1 ಎಸ್‌ಟಿಟಿ ಇದೆ; ಎರಡೂ ಸೇರಿ ಇಲ್ಲಿ 405 ರೂಪಾಯಿ. ಕೊಳ್ಳುವಾಗ ಶೇಕಡ 0.015 ಮುದ್ರಾಂಕ ಶುಲ್ಕ, ಅದು 30 ರೂಪಾಯಿ. ಬ್ರೋಕರೇಜು ಆರ್ಡರಿಗೆ 20ರಂತೆ 40. ವಿನಿಮಯ ಕೇಂದ್ರದ ಶುಲ್ಕ, ಸೆಬಿ ಶುಲ್ಕ, ಇವುಗಳ ಮೇಲಿನ ಜಿಎಸ್‌ಟಿ ಸೇರಿ ಸುಮಾರು 22. ಡಿಮ್ಯಾಟ್‌ನಿಂದ ಷೇರು ಹೊರಹೋಗುವಾಗಿನ ಡಿಪಿ ಶುಲ್ಕ, ಒತ್ತೆ ಇಡುವ ಮತ್ತು ಬಿಡಿಸುವ ಶುಲ್ಕ ಸೇರಿ 53 ಎಂದಿಟ್ಟುಕೊಳ್ಳೋಣ. ಇದು ಬ್ರೋಕರ್‌ನಿಂದ ಬ್ರೋಕರ್‌ಗೆ ಬೇರೆಬೇರೆ. ಒಟ್ಟು 550 ರೂಪಾಯಿ.

ಈ 550ರಲ್ಲಿ ಮುಕ್ಕಾಲು ಪಾಲು ಹತ್ತಿರ ಹತ್ತಿರ ಎಸ್‌ಟಿಟಿಯದೇ. ಬ್ರೋಕರೇಜು ಸೊನ್ನೆ ಎಂಬ ಜಾಹೀರಾತು ನೋಡಿ ಖಾತೆ ಬದಲಿಸುವವರು ಇಲ್ಲಿ ಉಳಿಸುವುದು 40 ರೂಪಾಯಿ, ಜೊತೆಗೆ ಅದರ ಜಿಎಸ್‌ಟಿ. ಅದೇ ಬದಲಾವಣೆಯಲ್ಲಿ ಬಡ್ಡಿ 14.6ರಿಂದ 18ಕ್ಕೆ ಏರಿದರೆ ಎರಡೇ ವಾರದಲ್ಲಿ 180 ರೂಪಾಯಿಗಿಂತ ಹೆಚ್ಚು ಕೈಬಿಟ್ಟುಹೋಗುತ್ತದೆ.

ಇನ್ನು ಬಡ್ಡಿ. ಇದು ಮಾರುಕಟ್ಟೆ ತೆರೆದಿರುವ ದಿನಗಳ ಲೆಕ್ಕವಲ್ಲ, ಕ್ಯಾಲೆಂಡರ್ ದಿನಗಳ ಲೆಕ್ಕ. ಶನಿವಾರ, ಭಾನುವಾರ, ಗಣೇಶ ಚತುರ್ಥಿಯ ರಜೆ ಯಾವುದಕ್ಕೂ ಬಿಡುವಿಲ್ಲ. ಅಂಗಡಿಯವರು ಒಂದು ಗುರುವಾರ ಕೊಂಡರು ಎಂದುಕೊಳ್ಳಿ. ಕೊಂಡ ಮರುದಿನ ಹಣ ಚುಕ್ತಾ ಆಗುವ ಪದ್ಧತಿ ಇರುವುದರಿಂದ ಶುಕ್ರವಾರದಿಂದ ಬಡ್ಡಿ ಶುರು. ಎರಡು ವಾರ ಕಳೆದು ಗುರುವಾರವೇ ಮಾರಿದರೆ, ಆ ದಿನವೂ ಸೇರಿ 14 ದಿನ. ದಿನಕ್ಕೆ 56 ರೂಪಾಯಿಯಂತೆ 784. ಅಷ್ಟರಲ್ಲಿ ಷೇರಿಗೆ ಮೇಲೇರಲು ಸಿಕ್ಕಿದ್ದು ಹತ್ತೇ ವಹಿವಾಟಿನ ದಿನ.

ವಾರಾಂತ್ಯದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾರಿದ ಹಣ ಚುಕ್ತಾ ಆಗುವವರೆಗೆ ಬಡ್ಡಿ ಹಾಕುವ ಬ್ರೋಕರ್ ಆದರೆ, ಗುರುವಾರದ ಬದಲು ಶುಕ್ರವಾರ ಮಾರುವುದರಿಂದ ಒಂದಲ್ಲ, ಮೂರು ದಿನದ ಬಡ್ಡಿ ಹೆಚ್ಚುತ್ತದೆ: ಶುಕ್ರವಾರ, ಶನಿವಾರ, ಭಾನುವಾರ, ಒಟ್ಟು 168 ರೂಪಾಯಿ. ಮಾರಿದ ದಿನಕ್ಕೇ ಬಡ್ಡಿ ನಿಲ್ಲಿಸುವ ಬ್ರೋಕರ್ ಬಳಿ ಈ ತೊಂದರೆ ಇಲ್ಲ. ಯಾವ ಪದ್ಧತಿ ಎನ್ನುವುದು ಎಂಟಿಎಫ್ ಷರತ್ತುಗಳಲ್ಲಿರುತ್ತದೆ.

550 ಮತ್ತು 784 ಸೇರಿ 1,334 ರೂಪಾಯಿ. ಇದನ್ನು 400 ಷೇರಿಗೆ ಹಂಚಿದರೆ ತಲಾ 3 ರೂಪಾಯಿ 34 ಪೈಸೆ. ಅಂದರೆ ಷೇರು 503.34ಕ್ಕೆ ಬಂದರೆ ಹಾಕಿದ ಅಸಲು ವಾಪಸು, ಅಷ್ಟೇ. ಅಂಗಡಿಯವರು ಎಣಿಸಿದ 12 ರೂಪಾಯಿಯ ಏರಿಕೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಲ್ಲೇ ಮುಗಿಯಿತು. ಈ ಅಸಲಿನ ಗೆರೆ ನಿಂತಲ್ಲಿ ನಿಲ್ಲುವುದೂ ಇಲ್ಲ, ಬಾವಿಯ ನೀರಿನ ಮಟ್ಟದ ಹಾಗೆ ದಿನಕ್ಕೆ 14 ಪೈಸೆಯಂತೆ ಮೇಲೇರುತ್ತಲೇ ಇರುತ್ತದೆ. ಒಂದು ತಿಂಗಳಿಗೆ ಅದು 505.58, ಎರಡು ತಿಂಗಳಿಗೆ 509.78. ‘ಇವತ್ತಲ್ಲ ನಾಳೆ ಏರುತ್ತೆ’ ಎಂದು ಎರಡು ತಿಂಗಳು ಕಾದು 512ಕ್ಕೇ ಮಾರಿದವರ ಕೈಗೆ 4,800ರಲ್ಲಿ ಉಳಿಯುವುದು 900ಕ್ಕೂ ಕಡಿಮೆ, ಅದೂ ತೆರಿಗೆಗೆ ಮುಂಚೆ.

ಇಷ್ಟರವರೆಗಿನ ಲೆಕ್ಕವನ್ನು ಅನೇಕರು ಮಾಡುತ್ತಾರೆ. ಅವರು ಬಿಡುವ ಹೆಜ್ಜೆ ಮುಂದಿನದು. 1,334 ಖರ್ಚು, 4,800 ಲಾಭ, ಹಾಗಾದರೆ 3,466 ಉಳಿಯಿತಲ್ಲ ಎಂದು ಸಮಾಧಾನ ಪಟ್ಟುಕೊಂಡರೆ, ಅಂದಾಜು ಪ್ರತಿ ಸಲವೂ ನಿಜವಾಗುತ್ತದೆ ಎಂದು ಒಪ್ಪಿಕೊಂಡ ಹಾಗಾಯಿತು. ಖರ್ಚು ಗೆದ್ದಾಗ ಲಾಭವನ್ನು ಕರಗಿಸುತ್ತದೆ, ಸೋತಾಗ ನಷ್ಟವನ್ನು ಉಬ್ಬಿಸುತ್ತದೆ. 490ಕ್ಕೆ ಮಾರಬೇಕಾಗಿ ಬಂದರೆ ಬೆಲೆಯಲ್ಲಿ ಹೋದದ್ದು 4,000. ಶುಲ್ಕ, ಬಡ್ಡಿ ಸೇರಿದರೆ 5,325. ಗೆದ್ದರೆ 3,466, ಸೋತರೆ 5,325. ಹಾಗಾದರೆ ಎಷ್ಟು ಸಲ ಗೆದ್ದರೆ ಸರಿಹೋದೀತು?

ಖರ್ಚೇ ಇಲ್ಲದ ಲೋಕದಲ್ಲಾದರೆ 12 ರೂಪಾಯಿಯ ಆಸೆ, 10 ರೂಪಾಯಿಯ ಅಪಾಯ ಇರುವ ಈ ವ್ಯವಹಾರ ನೂರಕ್ಕೆ 46 ಸಲ ಫಲಿಸಿದರೂ ಸಾಕಿತ್ತು. ಪೂರ್ತಿ ಸ್ವಂತ ಹಣ ಹಾಕಿ, ಶುಲ್ಕಗಳನ್ನು ಮಾತ್ರ ಕೊಟ್ಟರೆ ಸುಮಾರು 51 ಸಲ ಗೆಲ್ಲಬೇಕು. ಬಡ್ಡಿಯೂ ಸೇರಿದ ಮೇಲೆ ಸುಮಾರು 61 ಸಲ. ವರ್ಷಕ್ಕೆ 14.6 ಎಂಬ ಬಡ್ಡಿದರ ಎರಡು ವಾರಕ್ಕೆ ಏನೂ ಅಲ್ಲ ಎನಿಸಬಹುದು. ಆದರೆ ಸಣ್ಣ ಏರಿಕೆಯನ್ನು ಗುರಿಯಾಗಿಟ್ಟುಕೊಂಡವರಿಗೆ ಅದು ನೂರಕ್ಕೆ ಹತ್ತು ಸಲದಷ್ಟು ಹೆಚ್ಚು ನಿಖರತೆಯನ್ನು ಕೇಳುತ್ತದೆ. ಹತ್ತರಲ್ಲಿ ಆರು ಸಲಕ್ಕಿಂತ ಹೆಚ್ಚು ತನ್ನ ಅಂದಾಜು ಸರಿಯಾಗಿದೆ ಎಂದು ಹಳೆಯ ವಹಿವಾಟುಗಳ ದಾಖಲೆ ಹಿಡಿದು ತೋರಿಸಬಲ್ಲವರು ಎಷ್ಟು ಜನ?

ಗುರಿ ದೊಡ್ಡದಿದ್ದರೆ ಚಿತ್ರ ಬದಲಾಗುತ್ತದೆ. ಅದೇ ಎರಡು ವಾರದಲ್ಲಿ 540ರ ಗುರಿ, 480ರ ಸ್ಟಾಪ್‌ಲಾಸ್ ಇಟ್ಟುಕೊಂಡವರಿಗೆ ಅಷ್ಟೇ ಖರ್ಚು ಅಷ್ಟಾಗಿ ತಾಗುವುದಿಲ್ಲ. ಅವರಿಗೆ ನೂರಕ್ಕೆ 39ರ ಸುತ್ತಮುತ್ತ ಗೆದ್ದರೆ ಸಾಕು. ಎರಡು ವಾರದಲ್ಲಿ ಶೇಕಡ 8ರ ಏರಿಕೆ ಸುಲಭವಲ್ಲ ಎನ್ನುವುದು ಬೇರೆ ಮಾತು. ಶೇಕಡ ಎರಡು ಎರಡೂವರೆಯ ಏರಿಕೆಗೆಂದು ಸಾಲ ಮಾಡುವುದು ಮಾತ್ರ ಬಹುತೇಕ ಬ್ರೋಕರ್‌ಗಾಗಿ ದುಡಿದಂತೆಯೇ.

ಇದೇ ಅಂಗಡಿಯವರು ಸಾಲ ಮಾಡದೆ, ಕೈಲಿದ್ದ 60,000ಕ್ಕೆ 120 ಷೇರು ಮಾತ್ರ ಕೊಂಡಿದ್ದರೆ? ಗೆದ್ದಾಗ ಶುಲ್ಕ ಕಳೆದು ಸುಮಾರು 1,240, ಸೋತಾಗ ಸುಮಾರು 1,400 ನಷ್ಟ. ಸಾಲದಿಂದ ಅವರಿಗೆ ನಿಜವಾಗಿ ಸಿಗುವುದು ಈ ಎರಡರ ನಡುವಿನ ಅಂತರ. ಗೆಲುವಿನಲ್ಲಿ 2,200ರಷ್ಟು ಹೆಚ್ಚುವರಿ, ಸೋಲಿನಲ್ಲಿ 3,900ಕ್ಕೂ ಹೆಚ್ಚು ಹೆಚ್ಚುವರಿ ನಷ್ಟ. ತೂಗಿ ನೋಡಬೇಕಾದದ್ದು ಈ ಜೋಡಿಯನ್ನು.

ಸ್ಟಾಪ್‌ಲಾಸ್ ಇದೆಯಲ್ಲ, ನಷ್ಟ ಅಲ್ಲಿಗೇ ನಿಲ್ಲುತ್ತದೆ ಎಂಬ ಧೈರ್ಯಕ್ಕೂ ಎಂಟಿಎಫ್‌ನಲ್ಲಿ ಮಿತಿಯಿದೆ. ಬೆಲೆ 490ಕ್ಕೆ ಇಳಿದಾಗ ಷೇರುಗಳ ಮೌಲ್ಯ 1,96,000. ಸಾಲ 1,40,000 ಹಾಗೇ ಇದೆ. ಅಂಗಡಿಯವರ ಪಾಲು 56,000. ಆದರೆ ಶೇಕಡ 30ರ ಮಾರ್ಜಿನ್ ಎಂದರೆ 58,800 ಬೇಕು. ಅವರೇ ಹಾಕಿಕೊಂಡ ಸ್ಟಾಪ್‌ಲಾಸ್ ಮುಟ್ಟುವ ಹೊತ್ತಿಗಾಗಲೇ 2,800 ರೂಪಾಯಿ ಕೊರತೆ ಬಿದ್ದಿದೆ. ಕೊರತೆ ತುಂಬಲು ಸಂದೇಶ ಬರುತ್ತದೆ, ತುಂಬದಿದ್ದರೆ ಷೇರು ಮಾರುವ ಹಕ್ಕು ಬ್ರೋಕರ್‌ಗಿದೆ. ಏರಿಳಿತ ಹೆಚ್ಚಿದ ದಿನಗಳಲ್ಲಿ ಬೇಕಾದ ಮಾರ್ಜಿನ್ನೇ ಏರಿಬಿಡಬಹುದು. ಇರುವ ಅಷ್ಟೂ ಹಣವನ್ನು ಮಾರ್ಜಿನ್‌ಗೆ ಹಾಕಿ ಕೈ ಖಾಲಿ ಮಾಡಿಕೊಂಡವರು ಕೆಟ್ಟ ಬೆಲೆಗೆ ಹೊರಬೀಳುವುದು ಹೀಗೆ.

ತೆರಿಗೆಯದು ಚಿಕ್ಕ ಮಾತು, ಆದರೆ ಬಿಡುವಂಥದ್ದಲ್ಲ. 2024ರ ಜುಲೈ 23ರಿಂದ ಅಲ್ಪಾವಧಿ ಬಂಡವಾಳ ಲಾಭಕ್ಕೆ ಶೇಕಡ 20 ತೆರಿಗೆ, ಸೆಸ್ ಸೇರಿ 20.8. ಈ ಲಾಭವನ್ನು ಲೆಕ್ಕ ಹಾಕುವಾಗ ಎಸ್‌ಟಿಟಿಯನ್ನು ಕಳೆಯುವಂತಿಲ್ಲ. ಬಡ್ಡಿಯನ್ನು ಕಳೆಯಬಹುದೇ ಎನ್ನುವುದು ವಾದಕ್ಕೆ ಒಳಪಟ್ಟ ವಿಷಯ; ವಹಿವಾಟನ್ನು ವ್ಯಾಪಾರದ ಆದಾಯವೆಂದು ತೋರಿಸುವವರ ಲೆಕ್ಕ ಬೇರೆ. ಎರಡನ್ನೂ ಕಳೆಯದೆ ಹೋದರೆ ಅಂಗಡಿಯವರ ತೆರಿಗೆ ಸುಮಾರು 968. ಹಾಗಾಗಿ ಪರದೆಯ ಮೇಲಿನ 4,800 ಕೈಗೆ ಬರುವಷ್ಟರಲ್ಲಿ 2,500ರ ಆಸುಪಾಸು.

ಇದೆಲ್ಲ ಕೊಳ್ಳುವ ಮುಂಚಿನ ಲೆಕ್ಕ. ಮಾರಿದ ಮೇಲೆ ಇದನ್ನು ಲೆಡ್ಜರ್ ಜೊತೆ ತಾಳೆ ನೋಡಬೇಕು. ಕೊಂಡ ದಿನದ ಮತ್ತು ಮಾರಿದ ದಿನದ ಕಾಂಟ್ರಾಕ್ಟ್ ನೋಟ್‌ಗಳಲ್ಲಿ ಎಸ್‌ಟಿಟಿ, ಮುದ್ರಾಂಕ, ಬ್ರೋಕರೇಜು, ಜಿಎಸ್‌ಟಿ ಸಿಗುತ್ತವೆ. ಡಿಪಿ ಮತ್ತು ಒತ್ತೆಯ ಶುಲ್ಕಗಳು ಲೆಡ್ಜರ್‌ನಲ್ಲಿ ಬಿಡಿಬಿಡಿ ಸಾಲುಗಳಾಗಿ ಬಂದಿರುತ್ತವೆ. ಬಡ್ಡಿಯನ್ನು ಕೆಲವರು ದಿನವೂ ಹಾಕುತ್ತಾರೆ, ಕೆಲವರು ವಾರಕ್ಕೋ ತಿಂಗಳಿಗೋ ಒಮ್ಮೆ ಒಟ್ಟಾಗಿ. ಹಾಗಾಗಿ ಮಾರಿ, ಹಣ ತೆಗೆದುಕೊಂಡು ಎಷ್ಟೋ ದಿನವಾದ ಮೇಲೆ ಬಡ್ಡಿಯ ಸಾಲು ಬಂದು ಖಾತೆ ಮೈನಸ್ ಆಗಬಹುದು. ಆ ಮೈನಸ್ ಬಾಕಿಯ ಮೇಲೆ ಎಂಟಿಎಫ್ ದರಕ್ಕಿಂತ ಹೆಚ್ಚಿನ ವಿಳಂಬ ಶುಲ್ಕ ಹಾಕುವ ಬ್ರೋಕರ್‌ಗಳೂ ಇದ್ದಾರೆ.

ತಾಳೆಯ ಗುಣಾಕಾರ ಸರಳ: ಸಾಲದ ಮೊತ್ತ, ದಿನದ ದರ, ದಿನಗಳ ಸಂಖ್ಯೆ. ಅಂಗಡಿಯವರ ಲೆಡ್ಜರ್‌ನಲ್ಲಿ 784ರ ಬದಲು 840 ಇದ್ದರೆ ಒಂದು ದಿನ ಹೆಚ್ಚಾಗಿ ಎಣಿಸಿದೆ ಎಂದರ್ಥ. ಮಾರಿದ ಮರುದಿನವನ್ನೂ ಸೇರಿಸಿರಬಹುದು. 952 ಇದ್ದರೆ ಮೂರು ದಿನ ಹೆಚ್ಚು. ಮೊತ್ತ 56ರಿಂದ ಸರಿಯಾಗಿ ಭಾಗವಾಗದಿದ್ದರೆ ನಡುವೆ ಸಾಲದ ಮೊತ್ತವೋ ದರವೋ ಬದಲಾಗಿದೆ. ಆಗ ಬ್ರೋಕರ್‌ನಿಂದ ದಿನವಾರು ಬಡ್ಡಿಯ ಪಟ್ಟಿ ಕೇಳಿ, ಯಾವ ತಾರೀಕಿಗೆ ಅಂಕಿ ಬದಲಾಯಿತು ಎಂದು ಸಾಲು ಸಾಲಾಗಿ ನೋಡಿದರೆ ಕಾರಣ ಸಿಗುತ್ತದೆ.