ನೋಟಿಸ್ ಪೀರಿಯಡ್ ಎಷ್ಟು ಎಂದು ಕೇಳಿದರೆ ಏನು ಬರೆಯಬೇಕು?



ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ತಾಳವಾಡಿ ಕಡೆಯ ಹುಡುಗನೊಬ್ಬ ಈಚೆಗೆ ನಮ್ಮಲ್ಲಿಗೆ ಬಂದಿದ್ದ. ಬೆಂಗಳೂರಿನ ಕಂಪನಿಯವರು ಇ-ಮೇಲ್‌ನಲ್ಲಿ ಎರಡೇ ಮಾತು ಕೇಳಿದ್ದರು: ನೋಟಿಸ್ ಪೀರಿಯಡ್ ಎಷ್ಟು, ಬೈಔಟ್ ಆಗುತ್ತದೆಯೇ? ಈತ ಒಂದು ಪುಟ ಬರೆದು, ಕೊನೆಗೆ 'ಯಾವಾಗ ಕರೆದರೂ ಬರುತ್ತೇನೆ' ಎಂದು ಸೇರಿಸಿದ್ದ. ಕಳುಹಿಸುವ ಮೊದಲು ನಮಗೆ ತೋರಿಸಿದ್ದು ಒಳ್ಳೆಯದಾಯಿತು.

ನಾವು ಮೊದಲು ಕೇಳಿದ್ದು ಅವನ ಅಪಾಯಿಂಟ್‌ಮೆಂಟ್ ಲೆಟರನ್ನು. ಅದರಲ್ಲಿ 60 ದಿನದ ನೋಟಿಸ್ ಎಂದಿತ್ತು. ಕಡಿಮೆಯಾದ ದಿನಗಳಿಗೆ ಮೂಲ ವೇತನ ಕಟ್ಟಿ ಹೊರಡಬಹುದು, ಆದರೆ ಆಡಳಿತದವರು ಒಪ್ಪಿದರೆ ಮಾತ್ರ ಎಂದೂ ಇತ್ತು. ಎಲ್ಲ ಗುಟ್ಟೂ ಈ ಕೊನೆಯ ಮಾತಿನಲ್ಲಿದೆ. ದುಡ್ಡು ಕಟ್ಟುತ್ತೇನೆಂದರೂ ಅವರು ಬೇಡ ಎನ್ನಬಹುದು. ಹಾಗೆಂದು ಎದ್ದು ಬಂದರೆ ರಿಲೀವಿಂಗ್ ಲೆಟರ್ ಸಿಗುವುದು ಕಷ್ಟ, ಹೊಸ ಕಂಪನಿಯವರು ಮೊದಲ ದಿನವೇ ಕೇಳುವುದು ಅದನ್ನೇ. ಆದ್ದರಿಂದ ಬೈಔಟ್ 'ಆಗುತ್ತದೆ' ಎಂದು ಬರೆಯಬಾರದು. 'ಅವಕಾಶವಿದೆ, ಒಪ್ಪಿಗೆ ಬೇಕು' ಎನ್ನಬೇಕು.

ಇನ್ನು ಲೆಕ್ಕ. ಅವನ ಮೂಲ ವೇತನ 24,000, ಒಟ್ಟು ಸಂಬಳ 42,000. ತಿಂಗಳಿಗೆ 30 ದಿನ ಹಿಡಿದರೆ ದಿನಕ್ಕೆ ಮೂಲ ವೇತನ 800 ರೂಪಾಯಿ. 30 ದಿನ ಬಿಡಿಸಿಕೊಳ್ಳಲು 24,000 ಸಾಕು. ಅದೇ ಪತ್ರದಲ್ಲಿ ಒಟ್ಟು ಸಂಬಳ ಎಂದಿದ್ದರೆ 42,000 ಆಗುತ್ತಿತ್ತು. ಒಂದು ಪದಕ್ಕೆ 18,000 ರೂಪಾಯಿ ವ್ಯತ್ಯಾಸ! ಈ ಮೊತ್ತವನ್ನು ಹೊಸ ಕಂಪನಿ ಕೊಡುವುದುಂಟು. ಸಾಮಾನ್ಯವಾಗಿ ಮೊದಲು ನಾವೇ ಕಟ್ಟಬೇಕು, ಸೇರಿದ ಮೇಲೆ ರಸೀದಿ ತೋರಿಸಿದರೆ ಸಂಬಳದ ಜೊತೆ, ತೆರಿಗೆ ಹಿಡಿದು ಕೊಡುತ್ತಾರೆ. ಇಷ್ಟು ತಿಂಗಳೊಳಗೆ ಬಿಟ್ಟರೆ ವಾಪಸು ಕೊಡಬೇಕೆಂಬ ಷರತ್ತೂ ಇರಬಹುದು. ಅದಕ್ಕೇ ಯಾರು ಕೊಡುವುದೆಂದು ಇ-ಮೇಲ್‌ನಲ್ಲೇ ಕೇಳಿಬಿಡಬೇಕು, ಫೋನಿನ ಮಾತು ಸಾಲದು.

ತಾರೀಕನ್ನು ಮಾತ್ರ ಖಚಿತವಾಗಿ ಕೊಡಬೇಡಿ. ನೋಟಿಸಿನ ದಿನಗಳು ರಾಜೀನಾಮೆ ಕೊಟ್ಟಂದಿನಿಂದ ಎಣಿಕೆ. ರಾಜೀನಾಮೆಯೋ, ಆಫರ್ ಲೆಟರ್ ಕೈಗೆ ಬಂದ ಮೇಲೆ. ಕೊನೆಗೆ ಹುಡುಗ ಕಳುಹಿಸಿದ್ದು ಇಷ್ಟೇ. ಇಂಗ್ಲಿಷಿನಲ್ಲಿ ಬರೆದಿದ್ದರ ಸಾರಾಂಶ ಕೊಡುತ್ತಿದ್ದೇವೆ:

"ಮಾನ್ಯರೇ,
ನನ್ನ ನೋಟಿಸ್ ಅವಧಿ 60 ದಿನ. ನಾನಿನ್ನೂ ರಾಜೀನಾಮೆ ಕೊಟ್ಟಿಲ್ಲ. ಬೈಔಟ್‌ಗೆ ಅವಕಾಶವಿದೆ, ಆದರೆ ಈಗಿನ ಕಂಪನಿಯ ಒಪ್ಪಿಗೆ ಬೇಕು. ಒಪ್ಪಿದರೆ ರಾಜೀನಾಮೆ ಕೊಟ್ಟ 30 ದಿನಕ್ಕೆ, ಇಲ್ಲದಿದ್ದರೆ 60 ದಿನಕ್ಕೆ ಬಿಡುಗಡೆಯಾಗುತ್ತೇನೆ. 30 ದಿನದ ಬೈಔಟ್ ಮೊತ್ತ 24,000 ರೂಪಾಯಿ. ಇದನ್ನು ತಮ್ಮ ಕಂಪನಿ ಭರಿಸುತ್ತದೆಯೇ ಎಂದು ದಯವಿಟ್ಟು ತಿಳಿಸಿ.
ವಂದನೆಗಳು."

ಮರುದಿನವೇ ಉತ್ತರ ಬಂತು: ಅರ್ಧ ಮೊತ್ತ ಕೊಡುತ್ತೇವೆ, ಒಪ್ಪಿಗೆ ಸಿಗದಿದ್ದರೆ 60 ದಿನ ಕಾಯುತ್ತೇವೆ. ಆ ಎರಡೂ ಮಾತು ಆಫರ್ ಲೆಟರ್‌ನಲ್ಲೂ ಬರಲಿ ಎಂದು ಹೇಳಿ ಕಳುಹಿಸಿದ್ದೇವೆ.

— ಕಾರ್ಯದರ್ಶಿ