ಮೂರು ನುಡಿಯಲ್ಲಿ ಒಂದು ಕಥೆ: ಖಾಸಬಾಗದ ಗಲ್ಲಿಯಲ್ಲಿ ಕಲಿತ ಪಾಠ

ಹೋದ ವರ್ಷ ಗಣಪತಿ ಹಬ್ಬಕ್ಕೆ ನಾಲ್ಕು ದಿನ ರಜೆ ಹಾಕಿ ಖಾಸಬಾಗದ ಮನೆಗೆ ಬಂದಿದ್ದೆ. ಬಂದ ದಿನವೇ ಗಲ್ಲಿಯ ಹುಡುಗರು ಬಾಗಿಲಿಗೆ ಬಂದರು. "ಅಣ್ಣಾ, ಪೆಂಡಾಲದಾಗ ಮನರಂಜನಿ ಕಾರ್ಯಕ್ರಮ ಐತಿ. ನೀವು ಕಥಿ ಬರೀತೀರಿ ಅಂತಲ್ಲ, ನಮಗೊಂದು ಕಥಿ ಹಾಡು ಬರದು ಕೊಡ್ರಿ. ಒಬ್ಬೊಬ್ಬರಿಗೆ ಐದೇ ನಿಮಿಷ."

ಕಥೆಯನ್ನು ಹಾಡುವುದು ನಮ್ಮ ಕಡೆ ಹೊಸದಲ್ಲ. ಡಪ್ಪು, ತುಂತುಣಿ ಹಿಡಿದು ಲಾವಣಿ, ಗೀಗೀ ಪದ ಹಾಡುವವರನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಲಾವಣಿಕಾರರಿಗೆ ಹೊತ್ತಿನ ಚಿಂತೆ ಇರಲಿಲ್ಲ. ನುಡಿಯ ಮೇಲೆ ನುಡಿ ಕಟ್ಟುತ್ತ, ನಡುವೆ ಪಲ್ಲ ಎತ್ತುತ್ತ, ರಾತ್ರಿ ಕಳೆದರೂ ನಡೆಯುತ್ತಿತ್ತು. ನನಗೆ ಸಿಕ್ಕಿದ್ದು ಐದು ನಿಮಿಷ. ಪಲ್ಲವನ್ನು ಎರಡೆರಡು ಸಲ ಹಾಡಿ, ನುಡಿಗೆ ನಾಲ್ಕು ಸಾಲು ಹಿಡಿದರೆ ಮೂರು ನುಡಿಗೆ ಮುಗಿಯಿತು. ಅಂದರೆ ಹನ್ನೆರಡು ಸಾಲು, ಸಾಲಿಗೆ ನಾಲ್ಕು ಪೆಟ್ಟು.

ನಾನು ಆರಿಸಿದ್ದು ಫ್ರೆಂಚ್ ಕಥೆಗಾರ ಮೊಪಾಸಾನ 'ನೆಕ್ಲೆಸ್'. 1884ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಬಂದ ಕಥೆ. ಕಡೆಯ ಮಾತಿನಲ್ಲಿ ಇಡೀ ಕಥೆಯೇ ಮಗುಚಿ ಬೀಳುತ್ತದೆ. ಗುಮಾಸ್ತನ ಹೆಂಡತಿ ಮಟಿಲ್ಡಾ ಒಂದು ಔತಣಕೂಟಕ್ಕೆಂದು ಸಿರಿವಂತ ಗೆಳತಿಯಿಂದ ವಜ್ರದ ಸರ ತರುತ್ತಾಳೆ. ರಾತ್ರಿ ಮನೆಗೆ ಬರುವಷ್ಟರಲ್ಲಿ ಅದು ಕಳೆದುಹೋಗಿರುತ್ತದೆ. ಗೆಳತಿಗೆ ಹೇಳದೆ, ಅಂಥದ್ದೇ ಸರವನ್ನು 36,000 ಫ್ರಾಂಕ್ ಕೊಟ್ಟು ತಂದು ಮುಟ್ಟಿಸುತ್ತಾರೆ. ಅರ್ಧ ಹಣ ಗಂಡನಿಗೆ ಅಪ್ಪನಿಂದ ಬಂದದ್ದು, ಉಳಿದದ್ದು ಸಾಲ. ಹತ್ತು ವರ್ಷ ದುಡಿದು ಸಾಲ ತೀರಿಸಿದ ಮೇಲೆ ಒಂದು ದಿನ ಆ ಗೆಳತಿ ಸಿಗುತ್ತಾಳೆ. ಆಗ ಗೊತ್ತಾಗುತ್ತದೆ: ಮೊದಲಿನ ಸರ ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು.

ಮೊದಲ ಸಲ ಕೆಟ್ಟದ್ದು ಹೇಗೆ

ಒಂದೇ ರಾತ್ರಿಯಲ್ಲಿ ಹಾಡು ಬರೆದುಬಿಟ್ಟೆ. ಕಥೆ ಇದ್ದ ಕ್ರಮದಲ್ಲೇ ಸಾಗಿದೆ. ಮೊದಲ ನುಡಿಯಲ್ಲಿ ಅವಳ ಬಡತನ, ಅವಳ ಆಸೆ. ಎರಡನೆಯದರಲ್ಲಿ ಸರ, ಸೀರೆ, ಮದುವೆ ಮನೆಯ ಸಡಗರ. ಮೂರನೆಯದಕ್ಕೆ ಬಂದಾಗ ಸರ ಕಳೆಯುವುದು, ಸಾಲ, ಹತ್ತು ವರ್ಷ, ಗೆಳತಿಯ ಭೇಟಿ, ತಿರುವು ಎಲ್ಲವನ್ನೂ ನಾಲ್ಕು ಸಾಲಿಗೆ ತುರುಕಬೇಕಾಯಿತು.

ಮುಂಜಾನೆ ಕಥೆ ಗೊತ್ತಿಲ್ಲದ ಗೆಳೆಯನೊಬ್ಬನಿಗೆ ಹಾಡಿ ತೋರಿಸಿದೆ. ಮುಗಿದ ಮೇಲೆ ಅವನು ಕೇಳಿದ, "ಹೌದು, ಆತು. ನಕಲಿ ಆದ್ರ ಏನಾತ?"

ಹಾಡು ಕೆಟ್ಟಿದೆ ಅನ್ನೋದಕ್ಕೆ ಇದಕ್ಕಿಂತ ಗುರುತು ಬೇಡ. ತಿರುವು ಬಂದ ಮೇಲೂ ಕೇಳುಗ 'ಏನಾತ?' ಅಂದರೆ, ಆ ತಿರುವಿಗೆ ಬೇಕಾದ ಯಾವುದೋ ಒಂದು ಸಂಗತಿ ಮೊದಲೇ ಅವನ ಕಿವಿಗೆ ಬಿದ್ದಿಲ್ಲ ಅಂತ ಅರ್ಥ. ಕಡೆಯ ಸಾಲು ಬರುವ ಮೊದಲೇ ಅವನು ಊಹಿಸಿಬಿಟ್ಟರೆ, ಸುಳಿವು ಜಾಸ್ತಿಯಾಗಿದೆ ಅಂತ.

ಅದಕ್ಕೆ ಹಿಂದಿನಿಂದ ಹೊರಟೆ. ಕಥೆಯ ಘಟನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆ. ಹನ್ನೆರಡಾದವು. ಒಂದೊಂದನ್ನೇ ಬೆರಳಿನಿಂದ ಮುಚ್ಚಿ, 'ಇದು ಇಲ್ಲದಿದ್ದರೆ ಕಡೆಯ ಮಾತು ನಿಲ್ಲುತ್ತದೆಯೆ?' ಎಂದು ಕೇಳಿಕೊಂಡೆ. ಅವಳ ಬಡತನದ ಅಳಲು ತೆಗೆದರೂ ನಿಲ್ಲುತ್ತದೆ. ಬಂದೂಕಿಗೆಂದು ಗಂಡ ಕೂಡಿಟ್ಟಿದ್ದ 400 ಫ್ರಾಂಕನ್ನು ಅವಳ ಬಟ್ಟೆಗೆ ಕೊಟ್ಟದ್ದು ಕಥೆಯಲ್ಲಿ ಚಂದ, ಆದರೆ ತೆಗೆದರೂ ನಿಲ್ಲುತ್ತದೆ. ಔತಣಕೂಟದ ಕುಣಿತವೂ ಹೋಯಿತು. ಉಳಿದದ್ದು ಆರು: ಸರ ಕೇಳಿ ತಂದದ್ದು, ಕಳೆದದ್ದು, ಹೇಳದೆ ಉಳಿದದ್ದು, ಬೇರೆಯದನ್ನು ತಂದಿಟ್ಟದ್ದು, ಗೆಳತಿ ಡಬ್ಬಿ ತೆರೆದು ನೋಡದಿದ್ದದ್ದು, ಹತ್ತು ವರ್ಷದ ಮೇಲೆ ಸಿಕ್ಕದ್ದು.

ನನ್ನ ಮೊದಲ ಹಾಡಿನಲ್ಲಿ ಮೂರನೆಯದೂ ಐದನೆಯದೂ ಇರಲೇ ಇಲ್ಲ. ಅವಳು ಮೊದಲೇ ಬಾಯಿಬಿಟ್ಟಿದ್ದರೆ, ಅಥವಾ ಗೆಳತಿ ಅಂದೇ ಡಬ್ಬಿ ತೆರೆದು ಹೊಸ ಸರ ಗುರುತಿಸಿದ್ದರೆ, ಹತ್ತು ವರ್ಷದ ಕಥೆಯೇ ಇಲ್ಲ.

ಅವ್ವ ಹಿಡಿದ ಎರಡು ತಪ್ಪು

ಕಥೆಯನ್ನು ಖಾಸಬಾಗಕ್ಕೆ ತಂದಿದ್ದೆ. ಪ್ಯಾರಿಸ್ಸಿನ ಮಟಿಲ್ಡಾ ಮಗ್ಗದ ಮನೆಯ ಗೌರವ್ವ ಆದಳು, ಗೆಳತಿ ಶಾಂತಕ್ಕ ಆದಳು, ವಜ್ರದ ಸರ ಬಂಗಾರದ ಬೋರಮಾಳ ಆಯಿತು. ಅವ್ವ ಅಕ್ಕಿ ಆರಿಸುತ್ತ ಕೇಳಿದಳು. "ಬೋರಮಾಳ ಅಂತೀ. ಬಂಗಾರ ಕೈಯಾಗ ಹಿಡದ್ರ ತೂಕ ಗೊತ್ತಾಗೂದಿಲ್ಲೇನ? ನಕಲೀದು ಅಂತ ಆಕಿಗೆ ಅವತ್ತ ತಿಳೀಬೇಕಾಗಿತ್ತ."

ಮಾತು ಖರೆ. ವಜ್ರಕ್ಕೂ ಗಾಜಿಗೂ ಇರುವ ಭೇದ ಬರಿಗಣ್ಣಿಗೆ ಸುಲಭಕ್ಕೆ ತಿಳಿಯುವುದಿಲ್ಲ, ಮೊಪಾಸಾನ ಕಥೆ ನಿಂತಿರುವುದೇ ಅದರ ಮೇಲೆ. ಊರು ಬದಲಿಸುವಾಗ ವಸ್ತು ಬದಲಿಸಬಹುದು, ಅದು ಮಾಡುತ್ತಿದ್ದ ಕೆಲಸ ಬಿಟ್ಟುಹೋಗಬಾರದು. ಬೋರಮಾಳ ಹೊಡೆದು 'ಹರಳಿನ ಸರ' ಅಂತ ಬರೆದೆ. ಅದರಿಂದ ಇನ್ನೊಂದು ಲಾಭವೂ ಆಯಿತು. ಹರಳು ಅಂದರೆ ಬೆಲೆಬಾಳುವುದೂ ಆಗಬಹುದು, ಗಾಜಿನದೂ ಆಗಬಹುದು. ಹಾಡುವವ ಸುಳ್ಳು ಹೇಳಿದಂತಾಗಲಿಲ್ಲ, ಕೇಳುವವ ತಾನೇ ವಜ್ರ ಅಂತ ತಿಳಿದುಕೊಳ್ಳುತ್ತಾನೆ.

ಮೊಪಾಸಾನೂ ಇಂಥ ಸುಳಿವು ಇಟ್ಟಿದ್ದಾನೆ. ಡಬ್ಬಿಯ ಮೇಲೆ ಹೆಸರಿದ್ದ ಅಂಗಡಿಗೆ ಹೋದರೆ, ಆ ವ್ಯಾಪಾರಿ 'ಸರ ನಾನು ಮಾರಿದ್ದಲ್ಲ, ಡಬ್ಬಿ ಅಷ್ಟೇ ನನ್ನದು' ಅನ್ನುತ್ತಾನೆ. ಓದುವವ ಮುಗಿಸಿದ ಮೇಲೆ ಹಾಳೆ ತಿರುವಿ ಆ ಸಾಲು ಹುಡುಕಬಹುದು. ಹಾಡು ಕೇಳುವವನಿಗೆ ಹಿಂದೆ ಹೋಗಲು ದಾರಿ ಇಲ್ಲ. ಅದಕ್ಕೆ ಹಾಡಿನ ಸುಳಿವು ಒಂದು ಪದದಲ್ಲೇ ಇರಬೇಕು.

ಎರಡನೆಯ ತಪ್ಪನ್ನು ಅವ್ವ ತಡೆದು ಹೇಳಿದಳು. "ಆಕಿ ಯಾಕ ಹೇಳಲಿಲ್ಲ ಅನ್ನೂದು ನಿನ್ನ ಹಾಡಿನ್ಯಾಗ ಇಲ್ಲಲ್ಲೋ."

"ಹೆದರಿರಬೇಕವ್ವಾ."

"ಹೆದರಿಕಿ ಅಲ್ಲ. ನಾಲಿಗಿ ಏಳೂದಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಕ್ಕಿಯ ಮೊರ ಕೆಳಗಿಟ್ಟಳು. ನಾನು ಹುಟ್ಟುವ ಮೊದಲಿನ ಮಾತು. ತವರಿನ ಮದುವೆಗೆ ಹೋಗಲು ಮಗ್ಗಲ ಮನೆಯ ಅತ್ತಿಯ ರೇಷ್ಮೆ ಸೀರೆ ಕೇಳಿ ಉಟ್ಟಿದ್ದಳಂತೆ. ಇಸ್ತ್ರಿ ಮಾಡುವಾಗ ಸೆರಗು ಸುಟ್ಟಿತು. ಅಪ್ಪನಿಗೂ ಹೇಳದೆ, ಅಂಥದ್ದೇ ಬಣ್ಣದ ಸೀರೆಯನ್ನು ಕಂತಿನ ಮೇಲೆ ತಂದು, ಮಡಚಿ ಕೊಟ್ಟು ಬಂದಳು. ಕಂಡಿಕೆ ಸುತ್ತಿದ ಕೂಲಿಯಲ್ಲಿ ಒಂದೂವರೆ ವರ್ಷ ಕಂತು ತುಂಬಿದಳು. "ಇವತ್ತಿಗೂ ಆಕಿಗೆ ಗೊತ್ತಿಲ್ಲ," ಅಂದಳು.

ನಾನು ಏನೂ ಅನ್ನಲಿಲ್ಲ. ಎರಡನೆಯ ನುಡಿಯನ್ನು ಪೂರ್ತಿ ಹೊಡೆದು ಹಾಕಿ, ಅವ್ವನ ಮಾತನ್ನೇ ಇಟ್ಟುಕೊಂಡು ಮತ್ತೆ ಬರೆದೆ.

ಪಲ್ಲ ಒಂದೇ, ಅರ್ಥ ಮೂರು

ಪಲ್ಲ ಪ್ರತಿ ನುಡಿಗೂ ಬರುತ್ತದೆ. ಇದ್ದದ್ದೇ ಐದು ನಿಮಿಷ, ಅದರಲ್ಲಿ ಅದು ಸುಮ್ಮನೆ ಮರಳಿ ಬಂದರೆ ಹೊತ್ತು ಹಾಳು. ಪ್ರತಿ ಸಲವೂ ಬೇರೆ ಬಾಯಿಂದ ಬಂದಂತೆ ಕೇಳಿಸಬೇಕು. ಬಹಳ ತಿದ್ದಿದ ಮೇಲೆ ನಿಂತ ಹಾಡು ಇದು:

ತಗೊಂಡದ್ದ ತಿರುಗಿ ಕೊಡಬೇಕ, ತಂಗಿ

ಮಗ್ಗದ ಮನಿಯಾಕಿ ಗೌರವ್ವ ಹೊರಟಾಳ
ಮದುವಿಗೆ ಬರಿಗೊರಳ ಬ್ಯಾಡಂತ ಅಂದಾಳ
ಶಾಂತಕ್ಕ ಡಬ್ಬೀಯ ತೆಗದಾಳ ನಕ್ಕಾಳ
ಹರಳಿನ ಸರ ಎತ್ತಿ ಕೊರಳಿಗೆ ಹಾಕ್ಯಾಳ
ತಗೊಂಡದ್ದ ತಿರುಗಿ ಕೊಡಬೇಕ, ತಂಗಿ

ಬೆಳಗಾಗ ನೋಡ್ಯಾಳ ಕೊರಳಾಗ ಸರ ಇಲ್ಲ
ಶಾಂತಕ್ಕಗ ಹೇಳಾಕ ನಾಲಿಗಿ ಏಳಲಿಲ್ಲ
ಸಾಲ ಮಾಡಿ ತಂದ ಸರ ಡಬ್ಬ್ಯಾಗ ಇಟ್ಟಳಲ್ಲ
ಶಾಂತಕ್ಕ ಡಬ್ಬೀಯ ಮುಚ್ಚಳ ತೆಗಿಲಿಲ್ಲ
ತಗೊಂಡದ್ದ ತಿರುಗಿ ಕೊಡಬೇಕ, ತಂಗಿ

ಹತ್ತು ವರ್ಷ ಮಗ್ಗ ನೇಯ್ದು ಸಾಲೆಲ್ಲ ತೀರಿತ್ತ
ಸಂತ್ಯಾಗ ಶಾಂತಕ್ಕಗ ಗುರುತಽ ತಪ್ಪಿತ್ತ
ನಡೆದದ್ದ ಗೌರವ್ವ ಹೇಳ್ಯಾಳ ನಗುತ್ತ
"ಅಯ್ಯ ತಂಗಿ, ನಾ ಕೊಟ್ಟ ಸರ ಬರೇ ಗಾಜಿತ್ತ!"
ತಗೊಂಡದ್ದ ತಿರುಗಿ ಕೊಡಬೇಕ, ಅಕ್ಕಾ

ಮೊದಲ ನುಡಿಯ ಮೇಲೆ ಪಲ್ಲ ಶಾಂತಕ್ಕನ ಎಚ್ಚರಿಕೆ. ಎರಡನೆಯದರ ಮೇಲೆ ಅದೇ ಮಾತು ಗೌರವ್ವನ ಎದೆಯೊಳಗಿನ ಕೊರಗು. ಮೂರನೆಯದರ ಮೇಲೆ ಒಂದೇ ಪದ ಬದಲಾಗಿದೆ, 'ತಂಗಿ' ಹೋಗಿ 'ಅಕ್ಕಾ' ಬಂದಿದೆ. ಈಗ ಅಸಲಿ ಸರ ಇರುವುದು ಶಾಂತಕ್ಕನ ಹತ್ತಿರ. ಹಾಗಾದರೆ ತಿರುಗಿ ಕೊಡಬೇಕಾದವರು ಯಾರು? ಮೊಪಾಸಾ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆ ಕಥೆ ನಿಲ್ಲಿಸುತ್ತಾನೆ. ಹಾಡಿನಲ್ಲಿ ಪಲ್ಲ ಬರಲೇಬೇಕಲ್ಲ, ಅದು ಬಂದರೆ ಪ್ರಶ್ನೆಯೂ ಬರುತ್ತದೆ. ಅದಾದ ಮೇಲೆ ಇನ್ನೊಂದು ಸಾಲು ಸೇರಿಸಿ ಬುದ್ಧಿ ಹೇಳಬೇಕು ಅನ್ನಿಸುತ್ತದೆ. ನಾನೂ ಎರಡು ಸಾಲು ಬರೆದಿದ್ದೆ, ಹಾಡಿ ನೋಡಿ ಅಳಿಸಿದೆ.

'ಗಾಜಿತ್ತ' ಅನ್ನುವ ಪದ ಸಾಲಿನ ಕಡೆಗೇ ಬರಬೇಕಿತ್ತು. ಮೊದಲು 'ಗಾಜಿನ ಸರ ಅದು, ಅಯ್ಯ ತಂಗಿ' ಅಂತ ಬರೆದಿದ್ದೆ. ಗುಟ್ಟು ಮೊದಲ ಪೆಟ್ಟಿಗೇ ಒಡೆದು, ಉಳಿದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ತೀರಿತ್ತ, ತಪ್ಪಿತ್ತ, ನಗುತ್ತ ಎಂದು ಪ್ರಾಸ ಕಿವಿಗೆ ರೂಢಿಯಾದ ಮೇಲೆ ಗಾಜಿತ್ತ ಬಂದರೆ ಅದರ ಪೆಟ್ಟೇ ಬೇರೆ.

ಕಳೆದುಕೊಂಡದ್ದೂ ಇದೆ. ಮೊಪಾಸಾನ ಮಟಿಲ್ಡಾ ಬರೀ ಪಾಪದವಳಲ್ಲ, ಮೆರೆಯುವ ಆಸೆ ಇದ್ದವಳು. ಹತ್ತು ವರ್ಷ ಹೇಗೆ ಅವಳ ದನಿ, ಕೈ, ಕೂದಲು ಬದಲಿಸಿತು ಅನ್ನುವುದು ಕಥೆಯ ಜೀವ. ನನ್ನ ಹಾಡಿನಲ್ಲಿ ಅದು 'ಗುರುತಽ ತಪ್ಪಿತ್ತ' ಅನ್ನುವಷ್ಟರಲ್ಲಿ ಮುಗಿಯಿತು. ಹನ್ನೆರಡು ಸಾಲಿಗೆ ಅಷ್ಟೇ ಹಿಡಿಯುತ್ತದೆ.

ಪೆಂಡಾಲದಲ್ಲಿ

ಹುಡುಗರು ಡಪ್ಪು ಹಿಡಿದು ಹಾಡಿದರು. 'ಗಾಜಿತ್ತ' ಬಂದಾಗ ಮುಂದಿನ ಸಾಲಿನವರು 'ಅಯ್ಯಯ್ಯ' ಅಂದದ್ದು ನನಗೆ ಕೇಳಿಸಿತು. ಆದರೆ ನನ್ನ ಕಣ್ಣು ಇದ್ದದ್ದು ಹೆಂಗಸರ ಕಡೆ. ಅವ್ವನ ಮಗ್ಗಲಿಗೇ ಆ ಅತ್ತಿ ಕೂತಿದ್ದಳು.

ಹಾಡು ಮುಗಿದ ಮೇಲೆ ಅವ್ವ ಅವಳ ಕಿವಿಯಲ್ಲಿ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ಅತ್ತಿ ಮೊದಲು ಅವ್ವನ ಮುಖ ನೋಡಿದಳು, ಆಮೇಲೆ ಜೋರಾಗಿ ನಕ್ಕಳು.

"ಅಯ್ಯ ಹುಚ್ಚಿ, ನನ್ನ ಸೀರಿ ಅಂಚ ಬ್ಯಾರೆ ಇತ್ತ. ನೇಯೂ ಕೈ ನಂದು, ಗೊತ್ತಾಗೂದಿಲ್ಲೇನ? ನೀನಽ ಹೇಳ್ತಿ ಅಂತ ಕಾದೆ. ನೀ ಹೇಳಲಿಲ್ಲ, ನನಗೂ ಕೇಳಾಕ ನಾಲಿಗಿ ಏಳಲಿಲ್ಲ."

ಮರುದಿನ ಮುಂಜಾನೆ ಆ ಸೀರೆ ನಮ್ಮ ಮನೆಗೆ ಬಂತು. ಅವ್ವ ಬೇಡ ಅಂದಳು. ಅತ್ತಿ ಬಾಗಿಲಲ್ಲೇ ನಿಂತು ಪಲ್ಲ ಹಾಡಿದಳು.